ಹನ್ನೆರಡು ನಿಮಿಷ, ಹತ್ತು ಸ್ಲೈಡ್, ನಾಲ್ಕು ಕತ್ತರಿ ಗುರುತು

ಹೋದ ವರ್ಷ ನಮ್ಮಲ್ಲೊಬ್ಬರು ತರಗತಿಯ ಸೆಮಿನಾರಿನಲ್ಲಿ ಮಾತಾಡ್ತಾ ಇದ್ದಾಗ, ಫಲಿತಾಂಶದ ಸ್ಲೈಡ್ ಬರುವ ಮೊದಲೇ ಸಮಯ ಮುಗಿಯಿತು. ಮೂರು ತಿಂಗಳು ಮಾಡಿದ ಲೆಕ್ಕ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಕೇಳುಗರು ಕಂಡದ್ದು ಪೀಠಿಕೆ, ಹಿನ್ನೆಲೆ ಮತ್ತು ಒಂದು ದೊಡ್ಡ ಚಿತ್ರ, ಅಷ್ಟೇ. ಅಂಕ ಕೊಟ್ಟವರ ತಪ್ಪೇನೂ ಇರಲಿಲ್ಲ, ಅವರು ನೋಡಿದ್ದಕ್ಕೆ ಅಂಕ ಕೊಟ್ಟರು. ಆ ಮಾತಿಗೆ ಮನೆಯಲ್ಲಿ ಐದು ಸಲ ಅಭ್ಯಾಸವೂ ಆಗಿತ್ತು. ಆದರೆ ಗಡಿಯಾರ ನೋಡಿಕೊಂಡು ಮಾಡಿದ ಅಭ್ಯಾಸ ಒಂದೂ ಇರಲಿಲ್ಲ.

ಅದಾದ ಮೇಲೆ ನಮ್ಮ ಕನ್ನಡ ಗೆಳೆಯರ ಕೂಟದಲ್ಲಿ ಒಂದು ತಾಂತ್ರಿಕ ಮಾತು ಕೊಡುವ ಸರದಿ ನಮಗೆ ಬಂತು. ಹದಿನೈದು ನಿಮಿಷದ ಅವಕಾಶ, ಅದರಲ್ಲಿ 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ. ವಿಷಯ, ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಕಡಲ ನೀರು ಕುಡಿಯುವ ನೀರಾಗುವುದು ಹೇಗೆ ಅನ್ನುವುದು. ಈ ಸಲ ಮಾತಿಗಿಂತ ಮೊದಲು ಸಮಯದ ಪಟ್ಟಿ ಮಾಡಿದ್ವಿ. ಅದನ್ನು ಹೇಗೆ ಮಾಡಿದ್ವಿ, ಎಲ್ಲಿ ಎಡವಿದ್ವಿ ಅನ್ನೋದನ್ನ ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ.

1. ಮೊದಲ ರಿಹರ್ಸಲ್: ಏನನ್ನೂ ಸರಿಪಡಿಸಬೇಡಿ, ಅಳೆಯಿರಿ ಮಾತ್ರ

ಮೊದಲ ಸಲ ಮಾತಾಡುವಾಗ ನಿಲ್ಲಿಸಬಾರದು, ಹಿಂದಕ್ಕೆ ಹೋಗಬಾರದು. ಫೋನಿನ ಸ್ಟಾಪ್‌ವಾಚ್ ಹಾಕಿ, ಸ್ಲೈಡ್ ಬದಲಾಯಿಸಿದಾಗಲೆಲ್ಲ ಪಕ್ಕದಲ್ಲಿ ಕೂತವರು ಲ್ಯಾಪ್ ಬಟನ್ ಒತ್ತಬೇಕು. ಒಟ್ಟು ಎಷ್ಟಾಯಿತು ಅನ್ನೋದಕ್ಕಿಂತ ಯಾವ ಸ್ಲೈಡಿಗೆ ಎಷ್ಟಾಯಿತು ಅನ್ನೋದು ಮುಖ್ಯ.

ಮನಸ್ಸಿನಲ್ಲೇ ಓದಿಕೊಂಡು ಅಳೆಯುವುದು ಲೆಕ್ಕಕ್ಕಿಲ್ಲ. ಅದರಲ್ಲೂ ಕನ್ನಡದಲ್ಲಿ ಸಂಖ್ಯೆ ಮೋಸ ಮಾಡುತ್ತೆ. ಸ್ಲೈಡಿನಲ್ಲಿ 1,91,000 ಅಂತ ಕಣ್ಣಿಗೆ ಬೀಳುವುದು ಒಂದು ಕ್ಷಣ. ಬಾಯಲ್ಲಿ "ಒಂದು ಲಕ್ಷ ತೊಂಬತ್ತೊಂದು ಸಾವಿರ ಘನ ಮೀಟರ್" ಅನ್ನೋಷ್ಟರಲ್ಲಿ ಮೂರು ನಾಲ್ಕು ಸೆಕೆಂಡು ಹೋಗಿರುತ್ತೆ. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಇಷ್ಟು ಪದ ಅನ್ನುವ ಲೆಕ್ಕವೂ ಇಲ್ಲಿ ಹೊಂದುವುದಿಲ್ಲ. ವಿಭಕ್ತಿ, ಕಾಲ ಎಲ್ಲ ಅಂಟಿಕೊಂಡು ನಮ್ಮ ಒಂದು ಪದವೇ ಉದ್ದವಾಗಿರುತ್ತೆ. ಆದ್ದರಿಂದ ಯಾವ ಭಾಷೆಯಲ್ಲಿ ಮಾತಾಡ್ತೀರೋ ಅದೇ ಭಾಷೆಯಲ್ಲಿ, ನಿಂತುಕೊಂಡು, ಗಟ್ಟಿಯಾಗಿ ಹೇಳಿಯೇ ಅಳೆಯಬೇಕು.

ರಜೆಯಲ್ಲಿ ಅಲ್ ಗುಬ್ರಾದ ಗೆಳೆಯರ ಮನೆಯ ಹಜಾರದಲ್ಲಿ ನಮ್ಮ ಮೊದಲ ರಿಹರ್ಸಲ್ ನಡೆಯಿತು. ಸಿಕ್ಕ ಅಂಕಿಗಳು ಇವು:

| ಸ್ಲೈಡ್ | ವಿಷಯ | ಹಿಡಿದ ಸಮಯ |
|---|---|---|
| 1 | ಶೀರ್ಷಿಕೆ, ಪ್ರಶ್ನೆ | 1:10 |
| 2 | ಮಸ್ಕತ್ತಿಗೆ ಕಡಲ ನೀರು ಯಾಕೆ | 1:20 |
| 3 | 1976ರ ಹಳೆಯ ಸ್ಥಾವರ, ಕಾಯಿಸುವ ವಿಧಾನ | 2:05 |
| 4 | ಆಸ್ಮೋಸಿಸ್ ಒತ್ತಡ ಎಂದರೇನು | 2:20 |
| 5 | ಸ್ಥಾವರದ ಐದು ಹಂತಗಳ ಚಿತ್ರ | 3:15 |
| 6 | ಗುಬ್ರಾ ಸ್ಥಾವರದ ಅಳತೆ | 0:50 |
| 7 | ವಿದ್ಯುತ್ತಿನ ಲೆಕ್ಕ | 1:35 |
| 8 | ಕೆಂಪು ಪಾಚಿಯ ಹಾವಳಿ, 2008–09 | 1:30 |
| 9 | ಉಳಿದ ಉಪ್ಪುನೀರು ಎಲ್ಲಿಗೆ | 0:55 |
| 10 | ಸಾರಾಂಶ | 0:20 |

ಒಟ್ಟು 15:20. ಮೂರು ನಿಮಿಷ ಇಪ್ಪತ್ತು ಸೆಕೆಂಡು ಹೆಚ್ಚು. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸ್ಲೈಡ್ 6 ಮುಗಿಯುವಾಗ ವಾಚು 11:00. ಹನ್ನೆರಡನೇ ನಿಮಿಷದ ಗಂಟೆ ಹೊಡೆಯುವುದು ಸ್ಲೈಡ್ 7ರ ನಡುವೆ. ನಮ್ಮ ಇಡೀ ಮಾತಿನ ತಿರುಳು ಇದ್ದದ್ದೇ ಆ ವಿದ್ಯುತ್ತಿನ ಲೆಕ್ಕದಲ್ಲಿ! ಹೋದ ವರ್ಷ ಆದದ್ದೇ ಮತ್ತೆ ಆಗ್ತಿತ್ತು.

ಇನ್ನೊಂದು ವಿಷಯವೂ ಇದರಿಂದ ತಿಳಿಯಿತು. ಮೊದಲ ಐದು ಸ್ಲೈಡಿಗೇ 10:10 ಹೋಗಿದೆ. ಸಾರಾಂಶಕ್ಕೆ ಸಿಕ್ಕಿದ್ದು ಇಪ್ಪತ್ತೇ ಸೆಕೆಂಡು. ಹೊತ್ತಾಯಿತು ಅಂತ ಗೊತ್ತಾದ ಮೇಲೆ ಕೊನೆಯಲ್ಲಿ ಓಡಿದ್ವಿ. ಹಾಗಾಗಿ "ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ" ಅನ್ನುವ ಪರಿಹಾರ ಇಲ್ಲಿ ತಪ್ಪು. ಹಿಗ್ಗಿದ್ದು ಮುಂದಿನ ಅರ್ಧ ಮಾತ್ರ, ಕೊನೆಯ ಸ್ಲೈಡಿಗೆ ಇನ್ನೂ ಸಮಯ ಕೊಡಬೇಕಿತ್ತು.

2. ಹಂಚಿಕೆ: ಹನ್ನೆರಡಲ್ಲ, ಹನ್ನೊಂದು

ಹನ್ನೆರಡು ನಿಮಿಷ ಸಿಕ್ಕಿದರೆ ಹನ್ನೊಂದನ್ನೇ ಹಂಚಬೇಕು. ಉಳಿದ ಒಂದು ನಿಮಿಷ ಯಾವ ಸ್ಲೈಡಿಗೂ ಸೇರಿದ್ದಲ್ಲ. ಅದು ಮೈಕು ಸರಿಮಾಡಿಕೊಳ್ಳಲು, ಯಾರಾದರೂ ನಡುವೆ ಕೇಳಿದ ಪ್ರಶ್ನೆಗೆ, ಒಂದು ಗುಟುಕು ನೀರಿಗೆ.

ಹಂಚುವಾಗ ಹಿಂದಿನಿಂದ ಹೊರಡಿ. ಮೊದಲು ಸಾರಾಂಶಕ್ಕೆ ಅರ್ಧ ನಿಮಿಷ ಬರೆದಿಟ್ಟೆವು. ಆಮೇಲೆ ತಿರುಳಿನ ಸ್ಲೈಡಿಗೆ ಒಂದೂವರೆ ನಿಮಿಷ. ಆಮೇಲೆ ಅದಕ್ಕೆ ಬೇಕೇಬೇಕಾದ ಸ್ಲೈಡುಗಳಿಗೆ. ಮಿಕ್ಕಿದ್ದರಲ್ಲಿ ಉಳಿದವಕ್ಕೆ. ಹೀಗೆ ಬಂದ ಪಟ್ಟಿ ಕೆಳಗಿದೆ. ಕೊನೆಯ ಸಾಲಿನ ಕತ್ತರಿಯ ವಿಷಯ ಮುಂದಿನ ಭಾಗದಲ್ಲಿ ಬರುತ್ತದೆ.

| ಸ್ಲೈಡ್ | ಸಮಯ | ಮುಗಿದಾಗ ವಾಚು | ಕತ್ತರಿ ಗುರುತು |
|---|---|---|---|
| 1 | 0:30 | 0:30 | ಇಲ್ಲ |
| 2 | 1:00 | 1:30 | ಇಲ್ಲ |
| 3 | 1:00 | 2:30 | ಅ: ಒಂದೇ ವಾಕ್ಯ, 0:45 ಉಳಿತಾಯ |
| 4 | 1:30 | 4:00 | ಇಲ್ಲ |
| 5 | 2:00 | 6:00 | ಆ: ಹಂತಗಳ ಹೆಸರು ಮಾತ್ರ, 0:40 ಉಳಿತಾಯ |
| 6 | 1:00 | 7:00 | ಇಲ್ಲ |
| 7 | 1:30 | 8:30 | ಇಲ್ಲ |
| 8 | 1:00 | 9:30 | ಇ: ಪೂರ್ತಿ ಬಿಡು, 1:00 ಉಳಿತಾಯ |
| 9 | 1:00 | 10:30 | ಈ: ಅರ್ಧ, 0:30 ಉಳಿತಾಯ |
| 10 | 0:30 | 11:00 | ಇಲ್ಲ |

ಇದರಲ್ಲಿ ಮಾತಾಡುವಾಗ ಉಪಯೋಗಕ್ಕೆ ಬರುವುದು ಮೂರನೆಯ ಸಾಲು. ವೇದಿಕೆಯ ಮೇಲೆ ನಿಂತು "ಈ ಸ್ಲೈಡಿಗೆ ಎಷ್ಟು ಹೊತ್ತಾಯ್ತು" ಅಂತ ಕಳೆಯುವ ಲೆಕ್ಕ ಯಾರಿಗೂ ಆಗಲ್ಲ. "ಈ ಸ್ಲೈಡ್ ಮುಗಿದಾಗ ವಾಚು 6:00 ಇರಬೇಕು" ಅಂತ ಗೊತ್ತಿದ್ದರೆ ಒಂದು ನೋಟ ಸಾಕು.

ಸ್ಲೈಡ್ 5 ಯಾಕೆ 3:15 ಹಿಡಿದಿತ್ತು ಅಂತ ನೋಡಿದಾಗ ಕಾರಣ ಚಿತ್ರದಲ್ಲೇ ಇತ್ತು. ಹದಿನಾಲ್ಕು ಹೆಸರುಪಟ್ಟಿ ಇದ್ದವು, ಕಂಡದ್ದನ್ನೆಲ್ಲ ನಾವು ವಿವರಿಸುತ್ತಿದ್ದೆವು. ಐದನ್ನು ಉಳಿಸಿಕೊಂಡೆವು. ಕಡಲಿನಿಂದ ನೀರೆಳೆಯುವುದು, ಕಸ ಕೊಳೆ ಸೋಸುವುದು, ಹೆಚ್ಚಿನ ಒತ್ತಡದ ಪಂಪು, ಉಪ್ಪು ತಡೆಯುವ ಮೆಂಬ್ರೇನು, ಕೊನೆಗೆ ಖನಿಜಾಂಶ ಸೇರಿಸಿ ಕುಡಿಯಲು ತಕ್ಕಂತೆ ಮಾಡುವುದು. ಸ್ಲೈಡಿನ ಸಮಯ ಕಡಿಮೆ ಮಾಡಬೇಕಾದರೆ ಬೇಗ ಮಾತಾಡುವುದಲ್ಲ, ಸ್ಲೈಡಿನಿಂದ ಏನನ್ನಾದರೂ ತೆಗೆಯಬೇಕು. ಪರದೆಯ ಮೇಲೆ ಇದ್ದದ್ದನ್ನು ಹೇಳದೆ ಬಿಡೋದು ಬಹಳ ಕಷ್ಟ.

3. ಎಲ್ಲಿ ಕತ್ತರಿಸಬಹುದು?

ಯಾವ ಸ್ಲೈಡ್ ನಮಗೆ ಅಷ್ಟು ಇಷ್ಟವಿಲ್ಲವೋ ಅದನ್ನು ಬಿಡೋಣ ಅಂತ ಮೊದಲು ಅನಿಸುತ್ತೆ. ಅದು ಸರಿಯಾದ ಅಳತೆಗೋಲಲ್ಲ. ಕೇಳಬೇಕಾದ ಪ್ರಶ್ನೆ ಇದು: ಈ ಸ್ಲೈಡ್ ಬಿಟ್ಟರೆ ಮುಂದಿನ ಯಾವ ಸ್ಲೈಡ್ ಅರ್ಥವಾಗದೆ ಹೋಗುತ್ತದೆ? ಕಾಗದದ ಮೇಲೆ 1ರಿಂದ 10 ಬರೆದು, ಒಂದು ಸ್ಲೈಡಿಗೆ ಹಿಂದಿನ ಯಾವುದು ಬೇಕೋ ಅಲ್ಲಿಗೆ ಬಾಣ ಎಳೆಯಿರಿ.

ನಮ್ಮ ಸ್ಲೈಡ್ 7ರ ಲೆಕ್ಕ ಹೀಗಿದೆ. ಈಗಿನ ರಿವರ್ಸ್ ಆಸ್ಮೋಸಿಸ್ ಸ್ಥಾವರಗಳಲ್ಲಿ ಒಂದು ಘನ ಮೀಟರ್ ಸಿಹಿನೀರಿಗೆ ಸಾಮಾನ್ಯವಾಗಿ 3ರಿಂದ 4 ಯೂನಿಟ್ ವಿದ್ಯುತ್ ಬೇಕು. 3.5 ಅಂತ ಇಟ್ಟುಕೊಂಡೆವು. 2016ರಿಂದ ನಡೆಯುತ್ತಿರುವ ಗುಬ್ರಾದ ಹೊಸ ಸ್ಥಾವರದ ಸಾಮರ್ಥ್ಯ ದಿನಕ್ಕೆ ಸುಮಾರು 1,91,000 ಘನ ಮೀಟರ್. ಗುಣಿಸಿದರೆ ದಿನಕ್ಕೆ 6,68,500 ಯೂನಿಟ್. ಅದನ್ನು 24 ಗಂಟೆಗೆ ಭಾಗಿಸಿದರೆ ಸುಮಾರು 28 ಮೆಗಾವ್ಯಾಟ್, ಹಗಲೂ ರಾತ್ರಿ. ಈ ಲೆಕ್ಕಕ್ಕೆ ಸಾಮರ್ಥ್ಯದ ಅಂಕಿ ಬೇಕು, ಅದು ಸ್ಲೈಡ್ 6ರಲ್ಲಿದೆ. ಪಂಪಿಗೆ ಅಷ್ಟು ವಿದ್ಯುತ್ ಯಾಕೆ ಅನ್ನೋದಕ್ಕೆ ಸ್ಲೈಡ್ 4 ಬೇಕು. ಕಡಲ ನೀರಿನ ಆಸ್ಮೋಸಿಸ್ ಒತ್ತಡವೇ ಸುಮಾರು 27 ಬಾರ್, ಅದನ್ನು ಮೀರಿ ತಳ್ಳಲು ಪಂಪು 55ರಿಂದ 70 ಬಾರ್‌ವರೆಗೆ ಒತ್ತಡ ಕೊಡಬೇಕು. ಹೀಗೆ 4, 6, 7 ಮೂರೂ ಒಂದೇ ಸರಪಳಿ. ಇದರಲ್ಲಿ ಯಾವುದನ್ನೂ ಮುಟ್ಟುವಂತಿಲ್ಲ.

ಸ್ಲೈಡ್ 3 ನಮ್ಮ ಮೊದಲ ಅಂದಾಜಿನಲ್ಲಿ "ಪೂರ್ತಿ ಬಿಡಬಹುದು" ಅಂತಿತ್ತು, ಹಳೆಯ ಇತಿಹಾಸ ತಾನೇ ಅಂತ. ಬಾಣ ಎಳೆದಾಗ ತಪ್ಪು ಗೊತ್ತಾಯಿತು. ಸಾರಾಂಶದಲ್ಲಿ "ಕಾಯಿಸಿ ಆವಿ ಮಾಡುವ ಹಳೆಯ ವಿಧಾನಕ್ಕಿಂತ ಇದಕ್ಕೆ ಕಡಿಮೆ ಶಕ್ತಿ ಸಾಕು" ಅನ್ನುವ ಮಾತಿದೆ. ಸ್ಲೈಡ್ 3 ಇಲ್ಲದಿದ್ದರೆ ಯಾವ ಹಳೆಯ ವಿಧಾನ ಅಂತ ಕೇಳುಗರಿಗೆ ತಿಳಿಯೋದಿಲ್ಲ. ಆದ್ದರಿಂದ ಅದನ್ನು ಬಿಡದೆ ಒಂದು ವಾಕ್ಯಕ್ಕೆ ಇಳಿಸಿದ್ವಿ.

ಸ್ಲೈಡ್ 8ಕ್ಕೆ ಮುಂದಿನಿಂದ ಒಂದೂ ಬಾಣ ಬರಲಿಲ್ಲ. 2008–09ರಲ್ಲಿ ಒಮಾನ್ ಕರಾವಳಿಯಲ್ಲೂ ಕೊಲ್ಲಿಯಲ್ಲೂ ಕೆಂಪು ಪಾಚಿ ತಿಂಗಳುಗಟ್ಟಲೆ ಹಬ್ಬಿ, ಈ ಪ್ರದೇಶದ ಕೆಲವು ಸ್ಥಾವರಗಳು ನೀರೆಳೆಯುವುದನ್ನೇ ನಿಲ್ಲಿಸಬೇಕಾಯಿತು. ಇಡೀ ಮಾತಿನಲ್ಲಿ ಕುತೂಹಲದ ಸ್ಲೈಡ್ ಅದೇ, ಆದರೂ ಪೂರ್ತಿ ಬಿಡಬಹುದಾದದ್ದೂ ಅದೊಂದೇ.

ಇಲ್ಲಿ ಒಂದು ಚಿಕ್ಕ ಗುಂಡಿ ಇದೆ. ಸ್ಲೈಡ್ 5ರಲ್ಲಿ ಸೋಸುವ ಹಂತ ಹೇಳುವಾಗ ನಾವು "ಪಾಚಿ ಬಂದ್ರೆ ಏನಾಗುತ್ತೆ ಅಂತ ಆಮೇಲೆ ನೋಡೋಣ" ಅಂತಿದ್ವಿ. ಆ ಒಂದು ಮಾತು ಬಾಯಿಂದ ಬಿದ್ದರೆ ಸ್ಲೈಡ್ 8 ಬಿಡುವಂತಿಲ್ಲ, ಕೇಳುಗರು ಕಾಯ್ತಾ ಇರ್ತಾರೆ. ಕತ್ತರಿ ಗುರುತಿರುವ ಸ್ಲೈಡಿನ ಬಗ್ಗೆ ಮೊದಲೇ ಮಾತು ಕೊಡಬಾರದು. ಎರಡನೇ ಸ್ಲೈಡಿನಲ್ಲಿ "ಇವತ್ತಿನ ವಿಷಯಗಳು" ಅಂತ ಪಟ್ಟಿ ಹಾಕುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

4. ಬದಲಿ ವಾಕ್ಯವನ್ನು ಬರೆದೇ ಇಡಿ

"ಚಿಕ್ಕದಾಗಿ ಹೇಳು" ಅಂತ ಟಿಪ್ಪಣಿಯಲ್ಲಿ ಬರೆದುಕೊಂಡರೆ ಕೆಲಸಕ್ಕೆ ಬರೋದಿಲ್ಲ. ಗಾಬರಿಯಲ್ಲಿ ಚಿಕ್ಕದು ಮಾಡಲು ಹೋಗಿ ಮಾತು ಇನ್ನೂ ಉದ್ದವಾಗುತ್ತೆ. ಕತ್ತರಿಸಿದಾಗ ಹೇಳುವ ವಾಕ್ಯವನ್ನು ಬಾಯಿಗೆ ಬರುವ ಹಾಗೆಯೇ ಬರೆದಿಟ್ಟೆವು.

ಅ ಕತ್ತರಿಗೆ: "ಇಲ್ಲಿ 1976ರಲ್ಲಿ ಶುರುವಾದ ಹಳೇ ಸ್ಥಾವರದಲ್ಲಿ ಕಡಲ ನೀರನ್ನ ಕಾಯಿಸಿ, ಆವಿ ಮಾಡಿ, ಆ ಆವೀನ ತಣಿಸಿ ಸಿಹಿನೀರು ಮಾಡ್ತಿದ್ರು, ಈಗ ನಾವು ನೋಡೋ ವಿಧಾನದಲ್ಲಿ ಕಾಯಿಸೋದೇ ಇಲ್ಲ."

ಈ ಕತ್ತರಿಗೆ: "ನೂರು ಲೀಟರ್ ಕಡಲ ನೀರಲ್ಲಿ ನಲವತ್ತು ಲೀಟರ್ ಸಿಹಿನೀರಾದ್ರೆ, ಉಪ್ಪೆಲ್ಲ ಉಳಿದ ಅರವತ್ತರಲ್ಲೇ ಸೇರಿ ಅದು ಒಂದೂಮುಕ್ಕಾಲು ಪಟ್ಟಿನಷ್ಟು ಉಪ್ಪಾಗುತ್ತೆ, ಅದನ್ನ ಹುಷಾರಾಗಿ ಕಡಲಿಗೆ ಬಿಡಬೇಕು." ನಿಜವಾದ ಲೆಕ್ಕ 1.67 ಪಟ್ಟು. ಮಾತಿನಲ್ಲಿ "ಒಂದೂಮುಕ್ಕಾಲಿನಷ್ಟು" ಸಾಕು, ಕರಾರುವಾಕ್ಕಾದ ಅಂಕಿ ಸ್ಲೈಡಿನಲ್ಲಿದೆ.

ಕತ್ತರಿಸಿದ್ದನ್ನು ಯಾರಿಗೂ ಹೇಳಬಾರದು. "ಸಮಯ ಇಲ್ಲ, ಇದನ್ನು ಬಿಡ್ತೀನಿ, ಇದೂ ಬೇಡ" ಅಂತ ಸ್ಲೈಡುಗಳನ್ನು ಸರಸರ ಓಡಿಸಿದರೆ ಹತ್ತು ಸೆಕೆಂಡೂ ಹೋಗುತ್ತೆ, ಏನೋ ತಪ್ಪಿಸಿಕೊಂಡೆವು ಅಂತ ಕೇಳುಗರಿಗೂ ಅನಿಸುತ್ತೆ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಪ್ರದರ್ಶನ ನಡೆಯುವಾಗಲೇ ಕೀಬೋರ್ಡಿನಲ್ಲಿ `9` ಒತ್ತಿ `Enter` ಒತ್ತಿದರೆ ನೇರವಾಗಿ ಒಂಬತ್ತನೇ ಸ್ಲೈಡಿಗೆ ಹೋಗುತ್ತದೆ. 7ರಿಂದ 9ಕ್ಕೆ ಹಾರಿದ್ದು ಯಾರಿಗೂ ಕಾಣಿಸುವುದಿಲ್ಲ.

5. ಎಲ್ಲಿ ನಿಂತು ವಾಚು ನೋಡಬೇಕು

ಪ್ರತಿ ಸ್ಲೈಡಿಗೂ ವಾಚು ನೋಡಿದರೆ ಮಾತು ಕೆಡುತ್ತೆ. ಮೂರು ಕಡೆ ಸಾಕು: 2, 5 ಮತ್ತು 7 ಮುಗಿದಾಗ. ಅಲ್ಲಿ ಏನು ಮಾಡಬೇಕು ಅನ್ನೋದನ್ನ ಅಂಗೈ ಅಗಲದ ಚೀಟಿಯಲ್ಲಿ ಬರೆದಿದ್ದೆವು.

ಸ್ಲೈಡ್ 2 ಮುಗಿದಾಗ (1:30 ಇರಬೇಕು): 2:00 ದಾಟಿದ್ದರೆ ಅ. 3:00 ದಾಟಿದ್ದರೆ ಅ ಮತ್ತು ಆ.

ಸ್ಲೈಡ್ 5 ಮುಗಿದಾಗ (6:00 ಇರಬೇಕು): 6:30 ದಾಟಿದ್ದರೆ ಇ. 7:30 ದಾಟಿದ್ದರೆ ಇ ಮತ್ತು ಈ. 8:30 ದಾಟಿದ್ದರೆ 7 ಆದ ಮೇಲೆ ನೇರ 10.

ಸ್ಲೈಡ್ 7 ಮುಗಿದಾಗ (8:30 ಇರಬೇಕು): 9:00 ದಾಟಿದ್ದರೆ ಇ. 10:00 ದಾಟಿದ್ದರೆ ಇ ಮತ್ತು ಈ. 10:30 ದಾಟಿದ್ದರೆ ನೇರ 10.

ಈ ಅಂಕಿಗಳು ಬಂದದ್ದು ಸರಳ ಲೆಕ್ಕದಿಂದ. ಸ್ಲೈಡ್ 5 ಆದ ಮೇಲೆ ಉಳಿದಿರುವ ಸ್ಲೈಡುಗಳಿಗೆ 5 ನಿಮಿಷ ಬೇಕು. ವಾಚು 7:30 ಇದ್ದರೆ ಹಾಗೇ ಹೋದಲ್ಲಿ 12:30 ಆಗುತ್ತೆ. ಇ ಕತ್ತರಿಸಿದರೆ 11:30. ಅದಕ್ಕಿಂತ ತಡವಾದರೆ ಇ ಒಂದೇ ಸಾಲದು, ಆದ್ದರಿಂದ ಈ ಕೂಡ ಸೇರಿತು.

ನಾಲ್ಕೂ ಕತ್ತರಿ ಸೇರಿ 2:55 ಉಳಿಸುತ್ತವೆ. ಆದರೆ ಆ ಉಳಿತಾಯ ಮಾತು ಮುಂದುವರಿದಂತೆ ಕರಗುತ್ತೆ. ಸ್ಲೈಡ್ 5 ದಾಟಿದ ಮೇಲೆ ಅ, ಆ ಎರಡೂ ಕೈಬಿಟ್ಟು ಹೋಗಿ ಉಳಿಯುವುದು 1:30 ಮಾತ್ರ. ಹಾಗಾಗಿ ಎಲ್ಲ ಕತ್ತರಿಗಳನ್ನೂ ಮೊದಲ ಅರ್ಧದಲ್ಲೇ ಇಟ್ಟುಕೊಂಡರೆ ಆಮೇಲೆ ಆದ ತಡಕ್ಕೆ ಮದ್ದಿಲ್ಲ. ದೊಡ್ಡ ಕತ್ತರಿಯೊಂದು ತಿರುಳಿನ ಸ್ಲೈಡ್ ಆದ ಮೇಲೆ ಇರಬೇಕು.

ಒಂದು ಮಿತಿಯನ್ನೂ ಹೇಳಬೇಕು. ಮೊದಲೇ "ನಿಮಗೆ ಒಂಬತ್ತೇ ನಿಮಿಷ" ಅಂದರೆ ಈ ಪಟ್ಟಿ ತಡೆಯುತ್ತೆ, ನಾಲ್ಕೂ ಕತ್ತರಿಸಿದರೆ 8:05. ಆರು ನಿಮಿಷಕ್ಕೆ ಇಳಿಸಿದರೆ ಕತ್ತರಿ ಸಾಲದು, ಅದು ಬೇರೆಯೇ ಮಾತು, ಬೇರೆ ಸ್ಲೈಡುಗಳು ಬೇಕು.

6. ಕತ್ತರಿಗೂ ರಿಹರ್ಸಲ್ ಬೇಕು

ಎರಡನೇ ರಿಹರ್ಸಲ್‌ನಲ್ಲಿ ಎದುರಿಗೆ ಜನ ಇರಲಿ. ನಮ್ಮೆದುರು ಗೆಳೆಯರ ಚಿಕ್ಕಪ್ಪ ಕೂತಿದ್ದರು. ಸ್ಲೈಡ್ 3 ಬಂದ ಕೂಡಲೇ "ಅಲ್ಲಪ್ಪಾ, ಕಾಯಿಸಿದ ನೀರಿಗೆ ರುಚಿ ಇರ್ತಿತ್ತಾ?" ಅಂದರು. ಉತ್ತರ ಹೇಳಿ ದಾರಿಗೆ ಬರುವಷ್ಟರಲ್ಲಿ ನಲವತ್ತು ಸೆಕೆಂಡು ಆಗಿತ್ತು. ನಡುವೆ ಬಂದ ಒಂದು ಪ್ರಶ್ನೆಯ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಆಗಲೇ. ಒಂದು ನಿಮಿಷದ ಮೀಸಲು ಹೆಚ್ಚೇನಲ್ಲ.

ಮೂರನೆಯದರಲ್ಲಿ ಬೇಕೆಂದೇ ತಡ ಮಾಡಿಕೊಳ್ಳಿ. ವಾಚು ಶುರುಮಾಡಿ, ಎರಡು ನಿಮಿಷ ಸುಮ್ಮನೆ ಕೂತು, ಆಮೇಲೆ ಮಾತು ಆರಂಭಿಸಿದ್ವಿ. ಮೊದಲ ಪ್ರಯತ್ನದಲ್ಲಿ ಇ ಕತ್ತರಿಸಿದ ಮೇಲೆ ಬಾಯಿ ತಾನಾಗಿ "ಪಾಚಿ ಸಮಸ್ಯೆ ಆಯ್ತು, ಇನ್ನು..." ಅಂತ ಶುರುಮಾಡಿತು. ಹೇಳದ ವಿಷಯಕ್ಕೆ ಕೊಂಡಿ! ಸ್ಲೈಡ್ 9ರ ಮೊದಲ ವಾಕ್ಯವನ್ನು 7 ಮತ್ತು 8 ಎರಡರ ಹಿಂದೆಯೂ ಹೊಂದುವಂತೆ ಬದಲಾಯಿಸಿದ್ವಿ: "ಇನ್ನು ಮಿಕ್ಕಿದ ಉಪ್ಪುನೀರಿನ ವಿಷಯ." ಇಂಥ ತಪ್ಪು ಪಟ್ಟಿ ನೋಡಿದರೆ ಸಿಗಲ್ಲ, ಕತ್ತರಿಸಿ ಮಾತಾಡಿದರೆ ಮಾತ್ರ ಸಿಗುತ್ತೆ.

ಸಾಫ್ಟ್‌ವೇರಿನ ಬಗ್ಗೆ ಎರಡು ಎಚ್ಚರಿಕೆ. ಪವರ್‌ಪಾಯಿಂಟಿನ `Rehearse Timings` ಪ್ರತಿ ಸ್ಲೈಡಿನ ಸಮಯವನ್ನು ತಾನೇ ಬರೆದುಕೊಳ್ಳುತ್ತದೆ, ಒಬ್ಬರೇ ಇರುವಾಗ ಅನುಕೂಲ. ಆದರೆ ಕೊನೆಯಲ್ಲಿ ಆ ಸಮಯಗಳನ್ನು ಉಳಿಸಬೇಕೇ ಅಂತ ಕೇಳುತ್ತದೆ. ಹೌದು ಅಂದರೆ, `Use Timings` ಗುರುತು ಹಾಕಿದ್ದಾಗ, ನಿಜವಾದ ದಿನ ಸ್ಲೈಡುಗಳು ತಾವಾಗಿ ಮುಂದಕ್ಕೆ ಹೋಗುತ್ತವೆ. ಅಂಕಿಗಳನ್ನು ಕಾಗದಕ್ಕೆ ಬರೆದುಕೊಂಡು ಆ ಗುರುತನ್ನು ತೆಗೆದುಬಿಡಿ. ಎರಡನೆಯದು, ನಿರೂಪಕರ ಪರದೆಯಲ್ಲಿ ಕಾಣುವ ಗಡಿಯಾರ ಸ್ಲೈಡ್ ಪ್ರದರ್ಶನ ಶುರುವಾದಾಗಿನಿಂದ ಎಣಿಸುತ್ತದೆ. ಕೇಬಲ್ ಸಿಗದೆ ಒಂದು ನಿಮಿಷ ಹೋದರೆ ಅದಕ್ಕೆ ಗೊತ್ತಿಲ್ಲ, ಸಭೆ ನಡೆಸುವವರಿಗೆ ಗೊತ್ತು. ನಿಮ್ಮ ಹೆಸರು ಕರೆದ ಕೂಡಲೇ ಫೋನಿನ ಸ್ಟಾಪ್‌ವಾಚ್ ಒತ್ತಿ ಮೇಜಿನ ಮೇಲಿಡಿ.

7. ಆ ದಿನ ಆದದ್ದು

ಕೇಬಲ್ ನಿಜವಾಗಿಯೂ ಕೈಕೊಟ್ಟಿತು. ಮೊದಲ ಮಾತು ಆಡುವಾಗ ವಾಚು 1:20. ಸ್ಲೈಡ್ 2 ಮುಗಿದಾಗ 2:50, ಚೀಟಿಯ ಪ್ರಕಾರ ಅ ಕತ್ತರಿ. ಬದಲಿ ವಾಕ್ಯ ಹೇಳಿ ಮುಂದಕ್ಕೆ ಹೋದ್ವಿ. ಸ್ಲೈಡ್ 5 ಮುಗಿದಾಗ 6:50, ಆದ್ದರಿಂದ ಇ. ಲೆಕ್ಕದ ಸ್ಲೈಡಿಗೆ ಪೂರ್ತಿ ಒಂದೂವರೆ ನಿಮಿಷ ಸಿಕ್ಕಿತು. 28 ಮೆಗಾವ್ಯಾಟ್ ಅಂತ ಬರೆದು ತೋರಿಸಿ, ಒಂದು ಕ್ಷಣ ಸುಮ್ಮನಿರಲೂ ಸಮಯ ಇತ್ತು. 9ಕ್ಕೆ ಹಾರಿ, ಸಾರಾಂಶ ಹೇಳಿ ಮುಗಿಸಿದಾಗ ವಾಚು 11:10.

ಪ್ರಶ್ನೆಯ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೇಳಿದರು, "ಕಡಲಲ್ಲಿ ಪಾಚಿ ಜಾಸ್ತಿಯಾದ್ರೆ ಈ ಸೋಸೋದೆಲ್ಲ ಕಟ್ಟಿಕೊಳ್ಳಲ್ವಾ?" ನಾವು `8` ಒತ್ತಿ `Enter` ಒತ್ತಿದ್ವಿ.